ಮಿಶ್ರಛಾಪು ಶಬ್ದಂಗೆ ಭಾಮಿನಿಯಲ್ಲಿ ಸಾಹಿತ್ಯ: ಮಾತ್ರೆ ಸರಿಯಿದೆ, ಕೈಗೆ ಕೆಲಸವಿಲ್ಲ

ಪದಕಾರ, ತುಮಕೂರು

ನಮ್ಮೂರಿನ ನೃತ್ಯ ಗುರುಗಳೊಬ್ಬರು ತಮ್ಮ ಕಿರಿಯ ವಿದ್ಯಾರ್ಥಿನಿಯರ ಭರತನಾಟ್ಯ ಕಾರ್ಯಕ್ರಮಕ್ಕಾಗಿ ನಂಜನಗೂಡಿನ ಶ್ರೀಕಂಠೇಶ್ವರನ ಮೇಲೆ ಕನ್ನಡದಲ್ಲಿ ಒಂದು ಶಬ್ದಂ ಬರೆದುಕೊಡಲು ಕೇಳಿದ್ದಾರೆ. ತಾಳ ಮಿಶ್ರಛಾಪು ಎಂದು ಅವರೇ ಹೇಳಿದ್ದರಿಂದ ನಾನು ಭಾಮಿನಿ ಷಟ್ಪದಿಯ ನಡೆಯನ್ನು ಆರಿಸಿಕೊಂಡೆ. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಭಾಮಿನಿಗಿಂತ ಆ ತಾಳಕ್ಕೆ ಹತ್ತಿರವಾದ ಛಂದಸ್ಸು ಕನ್ನಡದಲ್ಲಿ ಬೇರೆ ಇಲ್ಲವೆಂದು ನನ್ನ ಎಣಿಕೆ. ಬರೆದ ಪದ್ಯದ ಮೊದಲರ್ಧ ಹೀಗಿದೆ:

ಪರಮ ಕರುಣಾಮೂರ್ತಿ ಶಾಶ್ವತ
ಸಚ್ಚಿದಾನಂದಸ್ವರೂಪನೆ
ನೀಲಕಂಠನೆ ನಂಜನುಂಡವ ನಮಿಪೆ ಶಂಕರನೇ

ಗುರುಗಳು ಇದನ್ನು ಓದಿ, "ತಾಳಕ್ಕೆ ಕೂರುತ್ತದೆ, ಆದರೆ ಕೈಗೆ ಕೆಲಸವಿಲ್ಲ, ಕಾಲಿಗೆ ಜಾಗವಿಲ್ಲ" ಎಂದಷ್ಟೇ ಹೇಳಿ ಹಿಂದಿರುಗಿಸಿದರು. ಮಾತ್ರೆಗಳನ್ನು ಮತ್ತೆ ಎಣಿಸಿ ನೋಡಿದ್ದೇನೆ, ಎಲ್ಲಿಯೂ ಹೆಚ್ಚುಕಡಿಮೆ ಇಲ್ಲ. ಭಕ್ತಿಯ ಭಾವವೂ ಇದೆಯೆಂದುಕೊಂಡಿದ್ದೇನೆ. ಹಾಗಿದ್ದರೆ ನೃತ್ಯಕ್ಕಾಗಿ ಬರೆಯುವಾಗ ಸಾಹಿತ್ಯಕಾರನು ಬೇರೆ ಏನನ್ನು ಗಮನಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ನಾಟ್ಯ ಶಿಕ್ಷಕಿ, ಹಾಸನ

ನಿಮ್ಮ ಗುರುಗಳ ಮಾತು ಚಿಕ್ಕದಾದರೂ ಅದರಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಕಾಲಿನ ವಿಷಯವನ್ನು ಮೃದಂಗದವರು ಯಾರಾದರೂ ಹೇಳಿದರೆ ಒಳ್ಳೆಯದು. ನಾನು ಕೈಯ ವಿಷಯವನ್ನು ಹೇಳುತ್ತೇನೆ.

ನಿಮ್ಮ ಮೊದಲ ಎರಡು ಸಾಲುಗಳನ್ನು ಹಿಡಿದು ಒಬ್ಬ ಹುಡುಗಿ ರಂಗದ ಮೇಲೆ ಏನು ಮಾಡಬಲ್ಲಳು ಎಂದು ಯೋಚಿಸಿ ನೋಡಿ. "ಕರುಣಾ" ಎಂದಾಗ ಕೈ ಎದೆಯಿಂದ ಹೊರಕ್ಕೆ ಹೋಗುತ್ತದೆ, ಅಥವಾ ಅಭಯದ ಕೈ ಏಳುತ್ತದೆ. "ಮೂರ್ತಿ" ಎಂದಾಗ ಶಿವನ ಕೈ ಬರುತ್ತದೆ, ಎಂದರೆ ಎಡಗೈಯಲ್ಲಿ ಮೃಗಶೀರ್ಷ, ಬಲಗೈಯಲ್ಲಿ ತ್ರಿಪತಾಕ. ಅಲ್ಲಿಂದ ಮುಂದೆ "ಶಾಶ್ವತ", "ಸಚ್ಚಿದಾನಂದ", "ಸ್ವರೂಪ" ಇವುಗಳಿಗೆ ಅವಳು ಅದೇ ಭಂಗಿಯಲ್ಲಿ ಕಣ್ಣು ಮುಚ್ಚಿ ನಿಲ್ಲಬೇಕು, ಇಲ್ಲವೇ ಮತ್ತೆ ಅದೇ ಶಿವನನ್ನು ಇನ್ನೊಂದು ಮಗ್ಗುಲಿನಿಂದ ತೋರಿಸಬೇಕು. ಹಿರಿಯ ಕಲಾವಿದೆಯೊಬ್ಬರು ಕುಳಿತು ಅಭಿನಯಿಸುವ ಪದದಲ್ಲಿ ಈ ಮಾತುಗಳಿಗೆ ಒಂದು ಬೆಲೆ ಬರಬಹುದು. ಆದರೆ ಶಬ್ದಂ ಎಂಬುದು ಅಲರಿಪು ಮತ್ತು ಜತಿಸ್ವರಗಳು ಮುಗಿದ ಮೇಲೆ ಮಗು ಮೊಟ್ಟಮೊದಲ ಬಾರಿಗೆ ಸಾಹಿತ್ಯವನ್ನು ಕೈಗೆತ್ತಿಕೊಳ್ಳುವ ರಚನೆ. ಅಲ್ಲಿ ಸಂಚಾರಿಯ ವಿಸ್ತಾರ ಕಡಿಮೆ, ಪದದ ಬೆನ್ನಿಗೇ ಕೈ ಹೋಗುವುದು ಹೆಚ್ಚು.

ಇನ್ನು ಮೂರನೆಯ ಸಾಲಿನಲ್ಲಿ ಕೈಗೆ ಕೆಲಸವಿದೆ, ಆದರೆ ಕ್ರಮ ತಿರುವುಮುರುವಾಗಿದೆ. "ನೀಲಕಂಠನೆ" ಎಂದಾಗ ಕೈ ಕೊರಳಿಗೆ ಹೋಗಿ ಆಯಿತು. ಆಮೇಲೆ "ನಂಜನುಂಡವ" ಎಂದರೆ ಕೈ ಮೊದಲು ಬಾಯಿಗೆ ಬಂದು, ಮತ್ತೆ ಕೊರಳಿಗೇ ಇಳಿಯಬೇಕು. ನೋಡುವವರಿಗೆ ಕೊರಳು ನೀಲಿಯಾದ ಮೇಲೆ ವಿಷ ಕುಡಿದಂತೆ ಕಾಣುತ್ತದೆ. ಓದುವ ಕವಿತೆಯಲ್ಲಿ ಇದು ದೋಷವೇ ಅಲ್ಲ, ಏಕೆಂದರೆ ಅವೆರಡೂ ಹೆಸರುಗಳು. ನರ್ತಕಿಯ ಮೈಯಲ್ಲಿ ಹೆಸರು ಕೂಡ ಒಂದು ಘಟನೆಯೇ ಆಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ವಿಶೇಷಣಗಳನ್ನು ಕೈಬಿಟ್ಟು ಕತೆಯನ್ನು ಹಿಡಿಯಿರಿ. ಸಮುದ್ರಮಥನ ನಿಮ್ಮ ಕೈಯಲ್ಲೇ ಇದೆಯಲ್ಲ! ಒಂದೊಂದು ಆವರ್ತಕ್ಕೆ ಒಂದು ಕ್ರಿಯೆ, ಅಥವಾ ಒಂದು ವಸ್ತು, ಅಥವಾ ಒಬ್ಬ ಪಾತ್ರ ಬರಲಿ. ಯಾವ ಹಸ್ತ ಎಂಬುದನ್ನು ನೀವು ಬರೆಯುವಾಗಲೇ ನಿರ್ಧರಿಸಬೇಡಿ, ಅದು ಗುರುಗಳ ಕೆಲಸ. ಆದರೆ ಕೈ ಎಲ್ಲಿಂದ ಎಲ್ಲಿಗೆ ಪಯಣಿಸುತ್ತದೆ ಎಂಬುದು ಮಾತ್ರ ನಿಮ್ಮ ಪದಗಳ ಕ್ರಮದಲ್ಲಿ ಇರಬೇಕು.

ಛಂದೋಪ್ರಿಯ

ಮೂಲಭೂತವಾದ ಒಂದು ಸಂಗತಿಯನ್ನು ಯಾರೂ ಹೇಳಿಲ್ಲ. ಈ ಸಾಲುಗಳಲ್ಲಿ ಆದಿಪ್ರಾಸವೇ ಇಲ್ಲ. ಮೊದಲ ಸಾಲಿನ ಎರಡನೆಯ ಅಕ್ಷರದಲ್ಲಿ ರಕಾರ, ಎರಡನೆಯದರಲ್ಲಿ ಒತ್ತು ಚಕಾರ, ಮೂರನೆಯದರಲ್ಲಿ ಲಕಾರ ಇವೆ. ಷಟ್ಪದಿಯನ್ನು ಬರೆಯುತ್ತೇನೆಂದು ಹೊರಟವರು ಆರು ಪಾದಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನವನ್ನು ಒಂದೇ ಆಗಿ ಇಡಬೇಕು, ಮೊದಲ ಅಕ್ಷರ ಲಘುವಾದರೆ ಎಲ್ಲ ಕಡೆಯೂ ಲಘುವಾಗಿಯೇ ಇರಬೇಕು. ಇದು ಕೇವಲ ಪಂಡಿತರ ಹಟವಲ್ಲ. ಪ್ರತಿ ಸಾಲಿನ ಆರಂಭದಲ್ಲಿ ಅದೇ ವ್ಯಂಜನ ಕಿವಿಗೆ ಬಿದ್ದರೆ ಕುಣಿಯುವವರ ಕಾಲಿಗೂ ಅದೊಂದು ಗುರುತಾಗುತ್ತದೆ.

ಇನ್ನೊಂದು ಮಾತು. ನೃತ್ಯದ ಸಾಹಿತ್ಯದಲ್ಲಿ ಪ್ರತಿಯೊಂದು ಪದಕ್ಕೂ ಒಂದು ಹಸ್ತವಿರಬೇಕು. ಅಭಿನಯದರ್ಪಣದಲ್ಲಿ ಇಪ್ಪತ್ತೆಂಟು ಅಸಂಯುತ ಹಸ್ತಗಳಿಗೂ ವಿನಿಯೋಗಗಳ ಶ್ಲೋಕಗಳಿವೆ. ಅವುಗಳನ್ನು ಮುಂದಿಟ್ಟುಕೊಂಡು, ಅಲ್ಲಿ ಹೇಳಿರುವ ವಸ್ತುಗಳ ಹೆಸರುಗಳನ್ನೇ ಆರಿಸಿಕೊಂಡು ಬರೆದರೆ ಈ ತೊಂದರೆಯೇ ಬರುವುದಿಲ್ಲ.

ನಾಟ್ಯ ಶಿಕ್ಷಕಿ, ಹಾಸನ

ಪ್ರಾಸದ ಬಗ್ಗೆ ಹೇಳಿದ್ದನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ಸಾಲು ಮರೆತ ಮಕ್ಕಳನ್ನು ಅದು ಎಷ್ಟೋ ಬಾರಿ ಕಾಪಾಡುತ್ತದೆ. ಆದರೆ ಎರಡನೆಯ ಮಾತನ್ನು ಒಪ್ಪಲಾರೆ. ಒಂದು ಆವರ್ತದಲ್ಲಿ ಏಳು ಎಣಿಕೆ ಮಾತ್ರ ಇರುತ್ತದೆ. ಅದರಲ್ಲಿ ಮೂರು ಪದ ಹಾಕಿ ಮೂರಕ್ಕೂ ಹಸ್ತ ಮಾಡಿಸಿದರೆ ಕೈ ಒಂದು ಭಂಗಿಯನ್ನು ತಲುಪುವ ಮೊದಲೇ ಇನ್ನೊಂದಕ್ಕೆ ಓಡುತ್ತದೆ. ಯತೋ ಹಸ್ತಸ್ತತೋ ದೃಷ್ಟಿಃ ಎಂಬ ಮಾತು ನೆಲೆಗೊಳ್ಳಲು ಕಣ್ಣಿಗೆ ಕೈಯನ್ನು ಹಿಂಬಾಲಿಸುವಷ್ಟು ಬಿಡುವು ಬೇಕು. ಕೆಲವು ಪದಗಳು ಹಸ್ತವಿಲ್ಲದೆ ಸುಮ್ಮನೆ ಮುಖದ ಮೇಲೆ ಹಾದುಹೋಗಬೇಕು. ಅಲ್ಲದೆ ವಿನಿಯೋಗದ ಪಟ್ಟಿಯಿಂದ ಪದಗಳನ್ನು ಆರಿಸಿ ಹೊಲಿದ ಸಾಹಿತ್ಯವನ್ನು ನಾನು ಕಲಿಸಿದ್ದೇನೆ. ಅದು ಹಸ್ತಗಳ ಪರೀಕ್ಷೆಗೆ ಕುಳಿತಂತೆ ಕಾಣುತ್ತದೆ, ದೇವರ ಮುಂದೆ ನಿಂತಂತೆ ಕಾಣುವುದಿಲ್ಲ.

ಛಂದೋಪ್ರಿಯ

ಪ್ರತಿ ಪದಕ್ಕೂ ಎನ್ನುವುದನ್ನು ಪ್ರತಿ ಗಣಕ್ಕೂ ಎಂದು ಸಡಿಲಿಸಿಕೊಳ್ಳಬಹುದು. ಅದಕ್ಕಿಂತ ಸಡಿಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೃದಂಗ, ಮೈಸೂರು

ಕಾಲಿನ ದೂರಿನ ಬಗ್ಗೆ ನಾನು ಹೇಳುತ್ತೇನೆ. ಭಾಮಿನಿಯನ್ನು ಆರಿಸಿದ್ದು ತುಂಬ ಒಳ್ಳೆಯ ಯೋಚನೆ, ಆದರೆ ಅದರಲ್ಲಿ ಅಡಗಿರುವ ಒಂದು ಲೆಕ್ಕವನ್ನು ನೀವು ಬಳಸಿಕೊಂಡಿಲ್ಲ.

ಒಂದು ಮಾತ್ರೆಗೆ ಒಂದು ಎಣಿಕೆಯಂತೆ ಹಾಡಿದರೆ ತಕಿಟ ತಕಧಿಮಿ ಎಂಬ ಏಳು ಎಣಿಕೆಗೆ ಒಂದು ಆವರ್ತ. ಭಾಮಿನಿಯ ಚಿಕ್ಕ ಸಾಲು ಹದಿನಾಲ್ಕು ಮಾತ್ರೆಯದಾದ್ದರಿಂದ ಎರಡು ಆವರ್ತ ತುಂಬುತ್ತದೆ. ಉದ್ದದ ಸಾಲಿನಲ್ಲಿ ಇಪ್ಪತ್ತೊಂದು ಮಾತ್ರೆಗಳಾದ ಮೇಲೆ ಕೊನೆಯಲ್ಲಿ ಒಂದು ಗುರು ಉಳಿಯುತ್ತದೆ. ಮೂರು ಆವರ್ತ ಮುಗಿದು, ನಾಲ್ಕನೆಯದರ ಮೊದಲ ಎರಡು ಎಣಿಕೆಗಳನ್ನು ಆ ಗುರು ತಿನ್ನುತ್ತದೆ, ಐದು ಎಣಿಕೆ ಖಾಲಿ ಬೀಳುತ್ತದೆ. ಅರ್ಧ ಪದ್ಯದ ಒಟ್ಟು ಲೆಕ್ಕ ಐವತ್ತೊಂದು ಮಾತ್ರೆ, ಎಂಟು ಆವರ್ತಕ್ಕೆ ಬೇಕಾದದ್ದು ಐವತ್ತಾರು. ಆ ಐದು ಎಣಿಕೆಗೆ ತದಿಗಿಣತೊಂ ಎಂಬ ಐದಕ್ಷರದ ಸೊಲ್ಲು ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ನಿಮ್ಮ ಗುರುಗಳು ಕೇಳುತ್ತಿರುವ ಜಾಗ ಇದೇ ಇರಬೇಕು. ಶಬ್ದಂನಲ್ಲಿ ಸಾಹಿತ್ಯದ ಸಾಲುಗಳ ನಡುವೆ ಜತಿ ಬರುವುದು ರೂಢಿ. ಭಾಮಿನಿ ಆ ರೂಢಿಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ.

ಆದರೆ ಹಾಗೆ ಬಳಸಬೇಕಾದರೆ ಆ ಕೊನೆಯ ಗುರು ನಿಜವಾದ ದೀರ್ಘಸ್ವರವಾಗಿರಬೇಕು, ಮತ್ತು ಅಲ್ಲಿ ಅರ್ಥ ಒಂದು ನಿಲುಗಡೆಗೆ ಬಂದಿರಬೇಕು. ನಿಮ್ಮ "ಶಂಕರನೇ" ಎಂಬಲ್ಲಿ ದೀರ್ಘವಿದೆ, ಆದರೆ ಹಾಡುವಾಗ ಅದು ಎಳೆಯುವ ಬಾಲದಂತೆ ಕೇಳುತ್ತದೆ. ಅಲ್ಲಿ ಏನಾದರೂ ಆಗಬೇಕು. ಒಂದು ಉದ್ಗಾರವೋ, ಕರೆಯುವುದೋ, ಬೆಚ್ಚುವುದೋ ಇದ್ದರೆ ಅದರ ಬೆನ್ನಿಗೆ ಬೀಳುವ ಹೆಜ್ಜೆಗೆ ಕಾರಣ ಸಿಗುತ್ತದೆ.

ಇನ್ನೊಂದು ಸಣ್ಣ ವಿಷಯ. ಸಾಹಿತ್ಯ ನಡೆಯುವಾಗಲೂ ಕಾಲು ಸುಮ್ಮನಿರುವುದಿಲ್ಲ, ಮೂರು ನಾಲ್ಕರ ತಟ್ಟಿಮೆಟ್ಟು ಹೋಗುತ್ತಿರುತ್ತದೆ. ಲಘು ಅಕ್ಷರಗಳೇ ತುಂಬಿದ ಸಾಲಿನಲ್ಲಿ ಅಕ್ಷರಕ್ಕೊಂದು ಪೆಟ್ಟು ಸ್ಪಷ್ಟವಾಗಿ ಬೀಳುತ್ತದೆ. ಗುರು ಅಕ್ಷರಗಳು ಹೆಚ್ಚಿರುವ ಕಡೆ ಕಾಲನ್ನು ನಿಲ್ಲಿಸಿ ಮೈಯನ್ನು ಬಾಗಿಸಲು ಅನುಕೂಲ. ಯಾವ ಸಾಲು ಕಾಲಿನದು, ಯಾವುದು ಕೈಯದು ಎಂದು ಮೊದಲೇ ಯೋಚಿಸಿದರೆ ಅಕ್ಷರಗಳ ಆಯ್ಕೆ ತಾನಾಗಿ ಬರುತ್ತದೆ.

ಎಡಿಸನ್‌ನ ಅಮ್ಮ

ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳ ರಂಗಪ್ರವೇಶ ಮುಂದಿನ ಬೇಸಿಗೆಯಲ್ಲಿ ಇದೆ. ಕಾರ್ಯಕ್ರಮದಲ್ಲಿ ಎಲ್ಲವೂ ತೆಲುಗು ಮತ್ತು ತಮಿಳಿನಲ್ಲಿಯೇ ಇರುವುದರಿಂದ ಒಂದಾದರೂ ಕನ್ನಡದ್ದು ಇರಲಿ ಎಂದು ಆಸೆ. ಇಷ್ಟೆಲ್ಲ ಕಷ್ಟಪಟ್ಟು ಹೊಸದಾಗಿ ಬರೆಯುವ ಬದಲು ಅಕ್ಕಮಹಾದೇವಿಯ ವಚನವೊಂದನ್ನೇ ಮಿಶ್ರಛಾಪುವಿಗೆ ಕೂರಿಸಿಕೊಂಡರೆ ಆಗುವುದಿಲ್ಲವೇ? ಅದರಲ್ಲಿ ಭಕ್ತಿಯೂ ಇದೆ, ಎಲ್ಲರಿಗೂ ಗೊತ್ತಿರುವುದೂ ಹೌದು. ಹಾಗೆಯೇ ಶಬ್ದಂಗೆ ಕಾಂಬೋಧಿ ರಾಗವೇ ಆಗಬೇಕೆಂದು ಮಗಳ ಟೀಚರ್ ಹೇಳುತ್ತಾರೆ, ಅದು ನಿಜವೇ?

ನಾಟ್ಯ ಶಿಕ್ಷಕಿ, ಹಾಸನ

ಅಮ್ಮಾ, ವಚನಗಳನ್ನು ನೃತ್ಯಕ್ಕೆ ಬಳಸುವುದು ಹೊಸದಲ್ಲ, ತುಂಬ ಚೆನ್ನಾಗಿಯೂ ಮಾಡುತ್ತಾರೆ. ಆದರೆ ವಚನದ ಸಾಲುಗಳು ಮಾತ್ರೆಯ ಲೆಕ್ಕಕ್ಕೆ ಕಟ್ಟಿದವುಗಳಲ್ಲ. ಬಿಗಿಯಾದ ಏಳರ ಎಣಿಕೆಗೆ ಒತ್ತಾಯದಿಂದ ತಂದರೆ ಎಲ್ಲೋ ಒಂದು ಪದ ಎಳೆಯಬೇಕಾಗುತ್ತದೆ, ಎಲ್ಲೋ ಒಂದು ನುಂಗಿಹೋಗುತ್ತದೆ. ಅದನ್ನು ಪದದ ಸ್ಥಾನದಲ್ಲಿ, ನಿಧಾನವಾಗಿ, ಜತಿಗಳಿಲ್ಲದೆ ಅಭಿನಯಿಸಿದರೆ ನಿಮ್ಮ ಆಸೆಯೂ ನೆರವೇರುತ್ತದೆ, ವಚನಕ್ಕೂ ನೋವಾಗುವುದಿಲ್ಲ. ರಾಗದ ವಿಷಯದಲ್ಲಿ, ಕಾಂಬೋಧಿಯಲ್ಲಿ ಆರಂಭಿಸಿ ಮುಂದೆ ರಾಗಮಾಲಿಕೆಯಾಗಿ ಹೋಗುವುದು ಬಹಳ ಕಡೆ ಇರುವ ಪದ್ಧತಿ. ಬೇರೆ ರಾಗದಲ್ಲಿ ಮಾಡಿದವರೂ ಇದ್ದಾರೆ.

ಕರಾವಳಿಯ ಭಾಗವತ

ಭಾಮಿನಿಯ ಹೆಸರು ಬಂದದ್ದರಿಂದ ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಯಕ್ಷಗಾನ ಪ್ರಸಂಗಗಳಲ್ಲಿ ಭಾಮಿನಿಗಳು ಧಾರಾಳವಾಗಿ ಬರುತ್ತವೆ, ಆದರೆ ನಾವು ಅವುಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆ, ರಾಗದಲ್ಲಿ ಬಿಡಿಸಿ ಹೇಳುತ್ತೇವೆ. ಗಮಕಿಗಳು ಕುಮಾರವ್ಯಾಸ ಭಾರತವನ್ನು ಓದುವುದೂ ಹಾಗೆಯೇ. ಅಲ್ಲಿ ಅರ್ಥಕ್ಕೆ ತಕ್ಕಂತೆ ಪದವನ್ನು ಒಡೆದು, ಒಂದು ಕಡೆ ನಿಲ್ಲಿಸಿ, ಇನ್ನೊಂದು ಕಡೆ ಓಡಿಸುತ್ತಾರೆ. ಆದ್ದರಿಂದ ಗಣದ ಗಡಿಯನ್ನು ದಾಟಿ ಪದ ಹರಿದರೂ ಕಿವಿಗೆ ಗೊತ್ತಾಗುವುದೇ ಇಲ್ಲ.

ಪದಕಾರರು ತಮ್ಮ ಸಾಲುಗಳನ್ನು ಗಮಕದ ಧಾಟಿಯಲ್ಲಿ ಹಾಡಿಕೊಂಡು ಬರೆದಿರಬಹುದೆಂದು ನನ್ನ ಊಹೆ. "ಸಚ್ಚಿದಾನಂದಸ್ವರೂಪನೆ" ಎಂಬುದನ್ನು ಗಮಕದಲ್ಲಿ ಹೇಳಿದರೆ ಎಷ್ಟು ಗಂಭೀರವಾಗಿ ಕೇಳುತ್ತದೆ! ಅದನ್ನೇ ಕೈಯಲ್ಲಿ ತಾಳ ಹಾಕುತ್ತ ಹೇಳಿ ನೋಡಿ. "ಸಚ್ಚಿದಾನಂ" ಎಂಬಲ್ಲಿ ಒಂದು ಆವರ್ತ ಮುಗಿದು, "ದಸ್ವರೂಪನೆ" ಎಂದು ಇನ್ನೊಂದು ಆರಂಭವಾಗುತ್ತದೆ. ಸಮದ ಪೆಟ್ಟು ಬೀಳುವುದು ಅರ್ಥವಿಲ್ಲದ ಒಂದು ಚೂರಿನ ಮೇಲೆ. ನಟುವಾಂಗದವರ ತಾಳ ಅಲ್ಲೇ ಢಣ್ ಎಂದಾಗ ಹುಡುಗಿಯ ಕೈ ಯಾವುದನ್ನು ತೋರಿಸಬೇಕು? ಬರೆಯುವಾಗ ಯಾವ ಧಾಟಿಯಲ್ಲಿ ಬೇಕಾದರೂ ಗುನುಗಿಕೊಳ್ಳಿ, ಆದರೆ ಒಪ್ಪಿಸುವ ಮೊದಲು ರಾಗವನ್ನು ಪೂರ್ತಿ ಬಿಟ್ಟು, ಬರೀ ಚಪ್ಪಾಳೆಯ ಮೇಲೆ ಮಾತಿನಂತೆ ಹೇಳಿ ನೋಡಬೇಕು.

ಪದಕಾರ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಭಾಗವತರ ಊಹೆ ನಿಜ, ನಾನು ಗಮಕದ ಧಾಟಿಯಲ್ಲಿಯೇ ಬರೆಯುವವನು. ಈ ಸಲಹೆಗಳನ್ನೆಲ್ಲ ಮುಂದಿಟ್ಟುಕೊಂಡು, ಮಥನದ ಕತೆಯನ್ನು ಹಿಡಿದು, ಡಕಾರದ ಪ್ರಾಸದಲ್ಲಿ ಪೂರ್ತಿ ಪದ್ಯವನ್ನು ಹೊಸದಾಗಿ ಬರೆದಿದ್ದೇನೆ:

ಕಡಲ ಕಡೆದರು ಸುರರು ಅಸುರರು
ಹೆಡೆಯ ವಾಸುಕಿ ಹಗ್ಗವಾಗಲು
ಒಡಲ ತಿರುಗಿಸೆ ಮಂದರಾಚಲ ಕಾಳಕೂಟವಿದೋ
ನಡುಗಿ ನಿಂತಿರೆ ಮೂರು ಲೋಕವು
ಹಿಡಿದನಂಗೈಯೊಳಗೆ ಶಂಕರ
ಕುಡಿದು ಕೊರಳಲಿ ನಿಲಿಸಿದಾತನೆ ನಮಿಪೆ ನಂಜುಂಡಾ

ಮೊದಲ ಸಾಲನ್ನು ಬೇಕೆಂದೇ ಲಘುಗಳಲ್ಲಿ ತುಂಬಿಸಿದ್ದೇನೆ. "ನಂಜುಂಡ" ಎಂಬ ಹೆಸರು ಮೂರರ ಗಣದ ಆರಂಭದಲ್ಲಿ ಕೂರುವುದಿಲ್ಲ, ಏಕೆಂದರೆ ಅದರ ಮೊದಲೆರಡು ಅಕ್ಷರಗಳೇ ಗುರುಗಳು. ಆದರೆ ನಾಲ್ಕರ ಗಣಕ್ಕೆ "ನಂಜುಂ" ಬಂದು ಕೊನೆಯ ಗುರುವಿಗೆ "ಡಾ" ಬೀಳುವುದರಿಂದ ದೇವರ ಹೆಸರು ಪದ್ಯದ ತುದಿಗೆ ತಾನಾಗಿ ಹೋಗಿ ನಿಂತಿತು.

ನಾಟ್ಯ ಶಿಕ್ಷಕಿ, ಹಾಸನ

ಇದು ಕುಣಿಯಬಹುದಾದ ಸಾಹಿತ್ಯ. ಓದಿದ ಮೇಲೆ ಎದ್ದುನಿಂತು ಮಾಡಿ ನೋಡಿಯೇ ಬರೆಯುತ್ತಿದ್ದೇನೆ.

"ಕಡಲ" ಎಂಬಲ್ಲಿ ಪತಾಕ ಹಸ್ತಗಳು ಅಲೆಯಾಗಿ ಮೂರು ಎಣಿಕೆಯಲ್ಲಿ ಏಳುತ್ತವೆ, "ಕಡೆದರು" ಎಂಬ ನಾಲ್ಕರಲ್ಲಿ ಅದೇ ಕೈಗಳು ಮುಷ್ಟಿಯಾಗಿ ಹಗ್ಗವನ್ನು ಹಿಡಿಯುತ್ತವೆ. ಮುಂದಿನ ಆವರ್ತದಲ್ಲಿ "ಸುರರು" ಎಂದಾಗ ಬಲಕ್ಕೆ ಎಳೆದು, "ಅಸುರರು" ಎಂದಾಗ ಎಡಕ್ಕೆ ಎಳೆಯಬಹುದು. ದೇವತೆಗಳ ಸೌಮ್ಯಮುಖ ಒಂದು ಕಡೆ, ಹುಬ್ಬುಗಂಟಿಕ್ಕಿದ ದಾನವರ ಮುಖ ಇನ್ನೊಂದು ಕಡೆ. ಕಾಲು ಪೂರ್ತಿ ತಟ್ಟಿಮೆಟ್ಟಿನಲ್ಲಿಯೇ ಇರುತ್ತದೆ, ಎಲ್ಲಿಯೂ ತಡೆಯುವುದಿಲ್ಲ. "ವಾಸುಕಿ"ಗೆ ಸರ್ಪಶೀರ್ಷ, ಅದೇ ಕೈ "ಹಗ್ಗವಾಗಲು" ಎಂಬಲ್ಲಿ ಮುಷ್ಟಿಗೆ ಮರಳುತ್ತದೆ. "ಒಡಲ ತಿರುಗಿಸೆ" ಎಂಬಲ್ಲಿ ಒಂದು ಭ್ರಮರಿ ಹಾಕಿಸಿ, "ಮಂದರಾಚಲ" ಎಂಬ ಆವರ್ತದಲ್ಲಿ ಬೆಟ್ಟವಾಗಿ ನಿಲ್ಲಿಸಬಹುದು. "ಮೂರು" ಎಂಬುದಕ್ಕೆ ತ್ರಿಶೂಲ ಹಸ್ತವಿದೆ. ಕೊನೆಯಲ್ಲಿ "ನಮಿಪೆ" ಎಂದಾಗ ದೇವರಿಗೆ ಸಲ್ಲುವ ಅಂಜಲಿಯಾದ್ದರಿಂದ ಕೈ ತಲೆಯ ಮೇಲಕ್ಕೆ ಹೋಗುತ್ತದೆ, ಅಲ್ಲಿಂದ ಇಳಿದು "ನಂಜುಂಡಾ" ಎಂಬಲ್ಲಿ ಶಿವನ ಕೈಯಾಗುತ್ತದೆ.

ಒಂದೇ ಒಂದು ಸಾಲು ಕೈಯಲ್ಲಿ ತೊಡಕುತ್ತಿದೆ, ಐದನೆಯದು. "ಹಿಡಿದನಂಗೈ" ಎಂಬಲ್ಲಿ ಆವರ್ತ ಮುಗಿದು "ಯೊಳಗೆ" ಎಂಬುದರ ಮೇಲೆ ಸಮ ಬೀಳುತ್ತದೆ. ಭಾಗವತರು ಹೇಳಿದ ದೋಷವೇ ಇದು. ಅಂಗೈ ತೆರೆದುಕೊಳ್ಳಬೇಕಾದ ಹೊತ್ತು ಗೊತ್ತಾಗದೆ ಹುಡುಗಿ ಒಂದೋ ಮುಂಚೆ, ಇಲ್ಲವೇ ತಡವಾಗಿ ಕೈ ಚಾಚುತ್ತಾಳೆ. ಇದಲ್ಲದೆ ಆ ಸಾಲಿನಲ್ಲಿ "ಹಿಡಿದನು" ಎಂದು ವಾಕ್ಯ ಮುಗಿದಿದ್ದು, ಮುಂದಿನ ಸಾಲಿನಲ್ಲಿ "ಆತನೆ" ಎಂದು ಕರೆಯುತ್ತೀರಿ. ಕತೆ ಹೇಳುವವಳು ಯಾವಾಗ ಭಕ್ತೆಯಾಗಿ ತಿರುಗಬೇಕು ಎಂಬುದು ಮಸುಕಾಗುತ್ತದೆ.

ಛಂದೋಪ್ರಿಯ

ಗಣಗಳು ಶುದ್ಧವಾಗಿವೆ, ನಾಲ್ಕರ ಗಣದಲ್ಲಿ ಎಲ್ಲಿಯೂ ಜಗಣ ನುಸುಳಿಲ್ಲ, ಪ್ರಾಸವೂ ಆರು ಪಾದಗಳಲ್ಲಿ ಸರಿಯಾಗಿದೆ. ಎರಡು ಮಾತು ಹೇಳಬೇಕಾಗಿದೆ. ಮೊದಲನೆಯದು, "ಸುರರು ಅಸುರರು" ಎಂಬುದು ವಿಸಂಧಿ. "ಸುರರುಮಸುರರು" ಎಂದರೆ ಮಾತ್ರೆಯೂ ಕೆಡುವುದಿಲ್ಲ, ದೋಷವೂ ಹೋಗುತ್ತದೆ. ಎರಡನೆಯದು, ಐದನೆಯ ಸಾಲನ್ನು "ಹಿಡಿದು ಬೊಗಸೆಯ ಕುಡಿದ ಶಂಕರ" ಎಂದು ಮಾಡಿಕೊಳ್ಳಿ. ಆವರ್ತ ಸರಿಯಾಗಿ ಒಡೆಯುತ್ತದೆ, "ಹಿಡಿದು", "ಕುಡಿದ" ಎಂಬ ಒಳಪ್ರಾಸವೂ ಸಿಗುತ್ತದೆ.

ಮೃದಂಗ, ಮೈಸೂರು

"ಸುರರುಮಸುರರು" ಎಂದರೆ ಮಾತ್ರೆ ಕೆಡುವುದಿಲ್ಲ, ಆದರೆ ಆಟ ಕೆಡುತ್ತದೆ. ನಾಲ್ಕನೆಯ ಎಣಿಕೆಯ ಮೇಲೆ "ಅ" ಎಂಬ ಬರಿಯ ಸ್ವರ ಹೊಸದಾಗಿ ಹೊರಡುವುದರಿಂದಲೇ ಹಗ್ಗ ಎಡಕ್ಕೆ ಹೋಗುವುದು ಕಿವಿಗೂ ಕೇಳುತ್ತದೆ. ಅಲ್ಲಿ ಮಕಾರ ಬಂದರೆ ಎರಡು ಪಕ್ಷಗಳೂ ಅಂಟಿಕೊಳ್ಳುತ್ತವೆ.

ಛಂದೋಪ್ರಿಯ

ಕಿವಿಗೆ ಕೇಳುವುದಕ್ಕಾಗಿ ವ್ಯಾಕರಣವನ್ನು ಬಿಡಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಾಡುವವರು ಮಕಾರದ ಹಿಂದೆ ಒಂದು ಕ್ಷಣ ತಡೆದರೂ ಅದೇ ಪರಿಣಾಮ ಬರುತ್ತದೆ.

ಪುರಾಣದ ಓದುಗ

ಬೊಗಸೆಯ ಬಗ್ಗೆ ಒಂದು ಆಕ್ಷೇಪವಿದೆ. ಭಾಗವತದ ಎಂಟನೆಯ ಸ್ಕಂಧದಲ್ಲಿ ಮಹಾದೇವನು ಹಾಲಾಹಲವನ್ನು ಅಂಗೈಯಷ್ಟಾಗಿಸಿಕೊಂಡು ಸೇವಿಸಿದನೆಂದು ಇದೆ. ಎಲ್ಲ ಕಡೆ ಹರಡುತ್ತಿದ್ದ ವಿಷ ಒಂದು ಅಂಗೈಗೆ ಕುಗ್ಗುವುದರಲ್ಲಿಯೇ ಆ ಪ್ರಸಂಗದ ಸೊಗಸಿದೆ. ಬೊಗಸೆ ಎಂದರೆ ಎರಡೂ ಕೈ ಸೇರಬೇಕು, ಬಾಯಾರಿದವನು ಹೊಳೆಯ ನೀರು ಕುಡಿದಂತಾಗುತ್ತದೆ. ಹಾಗೆಯೇ, ಪಾರ್ವತಿ ಬಂದು ಗಂಡನ ಕೊರಳನ್ನು ಅದುಮಿ ಹಿಡಿದಳು ಎಂಬುದನ್ನು ದಯವಿಟ್ಟು ಸೇರಿಸಬೇಡಿ. ಅದು ಜನಜನಿತವಾದ ಕತೆಯೇ ಹೊರತು, ಆ ಸ್ಕಂಧದಲ್ಲಿ ಭವಾನಿಯು ಶಿವನ ಪ್ರಭಾವವನ್ನು ಬಲ್ಲವಳಾದ್ದರಿಂದ ಒಪ್ಪಿಗೆ ಕೊಟ್ಟಳೆಂದು ಮಾತ್ರ ಇದೆ.

ನಾಟ್ಯ ಶಿಕ್ಷಕಿ, ಹಾಸನ

ಅಂಗೈಯೇ ಇರಲಿ ಎನ್ನುವುದಕ್ಕೆ ನನಗೆ ಬೇರೊಂದು ಕಾರಣವೂ ಇದೆ. ಬೊಗಸೆಗೆ ಪುಷ್ಪಪುಟ ಹಸ್ತ ಹಿಡಿದರೆ ಎರಡೂ ಕೈಗಳು ಕೆಲಸದಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಅಂಗೈಯಾದರೆ ಇನ್ನೊಂದು ಕೈ ಬಿಡುವಾಗಿರುತ್ತದೆ, ಆ ಕೈಯಿಂದ ಹೆದರಿದ ದೇವತೆಗಳಿಗೆ ಅಭಯ ಕೊಡಬಹುದು.

ಪಾರ್ವತಿಯ ವಿಷಯದಲ್ಲಿ ಮಾತ್ರ ನಿಮ್ಮೊಡನೆ ಪೂರ್ತಿ ಒಪ್ಪುವುದಿಲ್ಲ. ಸಾಹಿತ್ಯದಲ್ಲಿ ಅವಳ ಹೆಸರು ಬೇಡ ಎಂಬುದು ಸರಿ. ಆದರೆ "ಕುಡಿದು ಕೊರಳಲಿ" ಎಂಬುದನ್ನು ಎರಡನೆಯ ಬಾರಿ ಹಾಡುವಾಗ ಒಬ್ಬ ನರ್ತಕಿ ಪಾರ್ವತಿಯಾಗಿ ಧಾವಿಸಿ ಬಂದು ಅರ್ಧಚಂದ್ರ ಹಸ್ತವನ್ನು ಕೊರಳಿಗೆ ಇಟ್ಟರೆ ಸಭೆಗೆ ಅದು ತಕ್ಷಣ ಮುಟ್ಟುತ್ತದೆ. ಸಾಹಿತ್ಯಕಾರರು ಕೊರಳಲ್ಲಿ ನಿಲ್ಲಿಸಿದವರು ಯಾರು ಎಂದು ಬಿಡಿಸಿ ಹೇಳದೆ ಬಿಟ್ಟರೆ ಆ ಬಾಗಿಲು ತೆರೆದಿರುತ್ತದೆ. ಈಗಿನ "ನಿಲಿಸಿದಾತನೆ" ಎಂಬ ಪದ ಅದನ್ನು ಅರ್ಧ ಮುಚ್ಚಿದೆ.

ಪುರಾಣದ ಓದುಗ

ಸಭೆಗೆ ಮುಟ್ಟುವುದೆಲ್ಲ ದೇವರ ಮುಂದೆ ಸಲ್ಲುತ್ತದೆಯೇ ಎಂಬುದು ನನ್ನ ಸಂಶಯ. ಗುರುಗಳು ನಿರ್ಧರಿಸಲಿ.

ಪದಕಾರ, ತುಮಕೂರು

ಐದನೆಯ ಸಾಲನ್ನು "ಒಡನೆ ಅಂಗೈ ಚಾಚಿ ಶಂಕರ" ಎಂದು ಬದಲಾಯಿಸಿದ್ದೇನೆ. ಮೊದಲ ಆವರ್ತ "ಒಡನೆ ಅಂಗೈ", ಎರಡನೆಯದು "ಚಾಚಿ ಶಂಕರ". ವಾಕ್ಯವೂ ಈಗ ಮುಂದಿನ ಸಾಲಿಗೆ ಹರಿದು, "ಅಂಗೈ ಚಾಚಿ, ಕುಡಿದು, ಕೊರಳಲಿ ನಿಲಿಸಿದಾತನೆ" ಎಂದು ಒಂದೇ ಸಂಬೋಧನೆಯಾಗುತ್ತದೆ. ಸಂಧಿ ಬೇಕೆನ್ನುವವರು "ಒಡನೆಯಂಗೈ" ಎಂದು ಹಾಡಿದರೂ ಎಣಿಕೆ ಅಷ್ಟೇ ಇರುತ್ತದೆ. ಗುರುಗಳಿಗೆ ತೋರಿಸಿದೆ. ಅವರು ಇದನ್ನು ಒಪ್ಪಿದರು. "ಹಗ್ಗವಾಗಲು" ಎಂಬ ಸಾಲನ್ನು ಮಾತ್ರ ಒಂದೇ ಬಾರಿ ಹಾಡಿಸುತ್ತೇನೆ, ಉಳಿದವನ್ನು ಎರಡೆರಡು ಬಾರಿ ಹಾಡಿಸುತ್ತೇನೆ ಎಂದರು. ಕಾರಣವನ್ನು ಕೇಳುವಷ್ಟು ಸಮಯವಿರಲಿಲ್ಲ.

ನಾಟ್ಯ ಶಿಕ್ಷಕಿ, ಹಾಸನ

ಕಾರಣ ಸುಲಭವಾದದ್ದು. ಮತ್ತೆ ಮತ್ತೆ ಹಾಡುವ ಸಾಲು ತನ್ನಷ್ಟಕ್ಕೆ ತಾನು ನಿಲ್ಲಬೇಕು. "ಕಡಲ ಕಡೆದರು ಸುರರು ಅಸುರರು" ಎಂಬುದು ಪೂರ್ಣ ವಾಕ್ಯ, ಎಷ್ಟು ಬಾರಿ ಹಾಡಿದರೂ ಪ್ರತಿ ಬಾರಿಯೂ ಬೇರೆ ರೀತಿಯಲ್ಲಿ ಕಡೆಯಬಹುದು. "ಹಗ್ಗವಾಗಲು" ಎಂಬುದು ಮುಂದೇನೋ ಆಗುತ್ತದೆ ಎಂದು ಹೇಳಿ ನಿಲ್ಲುವ ಮಾತು. ಅದನ್ನು ಮತ್ತೆ ಹಾಡಿದರೆ ಕತೆ ಹೊಸ್ತಿಲಲ್ಲೇ ತಡವರಿಸುತ್ತದೆ. ಎರಡನೆಯ ಪದ್ಯ ಬರೆಯುವಾಗ, ಎಲ್ಲಿ ವಿಸ್ತಾರ ಬೇಕೋ ಆ ಸಾಲಿನಲ್ಲಿ ಕ್ರಿಯಾಪದವನ್ನು ಮುಗಿಸಿಬಿಡಿ.

ಐದನೆಯ ಸಾಲೂ "ಚಾಚಿ" ಎಂದು ಮುಂದಕ್ಕೆ ಬಾಗಿದೆಯಲ್ಲ ಎಂದು ನೀವು ಕೇಳಬಹುದು. ಅಲ್ಲಿ "ಶಂಕರ" ಎಂದು ಕರೆಯುವುದರಲ್ಲಿ ಒಂದು ನಿಲುಗಡೆ ಇರುವುದರಿಂದ ಹೇಗೋ ನಡೆದುಹೋಗುತ್ತದೆ.

ಮೃದಂಗ, ಮೈಸೂರು

ಈಗ ಕೊನೆಯ ಮುಕ್ತಾಯಕ್ಕೆ ಬರೋಣ. ಪದ್ಯದ ಮಧ್ಯದಲ್ಲಿ "ಕಾಳಕೂಟವಿದೋ" ಎಂದು "ದೋ" ಮೇಲೆ ಬೆಚ್ಚಿ, ಉಳಿದ ಐದು ಎಣಿಕೆಗೆ ಒಂದು ತದಿಗಿಣತೊಂ ಹಿಂದಕ್ಕೆ ಹಾರುತ್ತ ಹಾಕಿದರೆ ಸಾಕು, ಅದರಲ್ಲಿ ಚರ್ಚೆಯಿಲ್ಲ. "ನಂಜುಂಡಾ" ಎಂಬಲ್ಲಿ ಮೂರು ಬಾರಿ ಬಾರಿಸಿ ಸಮಕ್ಕೆ ಇಳಿಯಬೇಕು. ಅದಕ್ಕೆ ಎರಡು ದಾರಿಗಳಿವೆ.

ಒಂದನೆಯದರಲ್ಲಿ, "ಡಾ" ಎಂಬ ಎರಡು ಎಣಿಕೆಯ ನಂತರ ಐದು, ಎರಡು ಬಿಡುವು, ಮತ್ತೆ ಐದು, ಎರಡು ಬಿಡುವು, ಮತ್ತೆ ಐದು. ಒಟ್ಟು ಇಪ್ಪತ್ತೊಂದು, ಸರಿಯಾಗಿ ಮೂರು ಆವರ್ತ. ಆ ಎರಡೆರಡು ಎಣಿಕೆಯ ಬಿಡುವಿನಲ್ಲಿ ಹಾಡುವವರು ಮತ್ತೆ "ಡಾ" ಎಂದು ಸ್ವರವನ್ನು ಮೀಟಬಹುದು. ಮಕ್ಕಳಿಗೆ ಇದು ನಿರ್ಭಯವಾದದ್ದು, ಏಕೆಂದರೆ ಪ್ರತಿ ತದಿಗಿಣತೊಂ ಆವರ್ತದ ಅದೇ ಜಾಗದಲ್ಲಿ ಬೀಳುತ್ತದೆ. ಆದರೆ ಅದೇ ಕಾರಣಕ್ಕೆ ಸ್ವಲ್ಪ ಸಪ್ಪೆ.

ಎರಡನೆಯದರಲ್ಲಿ, "ಡಾ" ಆದ ಮೇಲೆ ನಾಲ್ಕು ಎಣಿಕೆ ಪೂರ್ತಿ ನಿಲ್ಲಬೇಕು, ಆಮೇಲೆ ಬಿಡುವಿಲ್ಲದೆ ಮೂರು ಐದುಗಳು ಬರಬೇಕು. ಎರಡು, ನಾಲ್ಕು, ಹದಿನೈದು ಸೇರಿ ಇದೂ ಇಪ್ಪತ್ತೊಂದೇ. ಜತಿ ಏಳನೆಯ ಎಣಿಕೆಯಿಂದ ಹೊರಡುವುದರಿಂದ ಐದರ ಗುಂಪುಗಳು ತಾಳವನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗುತ್ತವೆ, ಸಮಕ್ಕೆ ಇಳಿದಾಗ ಸಭೆಗೆ ಗೊತ್ತಾಗುತ್ತದೆ. ಆದರೆ ಏಳನೆಯ ಎಣಿಕೆಯಲ್ಲಿ ಕಾಲೆತ್ತುವುದು ಕಿರಿಯರಿಗೆ ಕಷ್ಟ. ಒಬ್ಬಳು ಒಂದು ಎಣಿಕೆ ತಡೆದರೆ ಸಾಲಿನಲ್ಲಿರುವ ಎಲ್ಲರೂ ಚೆದರುತ್ತಾರೆ.

ನಾಟ್ಯ ಶಿಕ್ಷಕಿ, ಹಾಸನ

ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ, ಅದೂ ಅಭಿನಯದ ಕಾರಣಕ್ಕೆ. ಆ ನಾಲ್ಕು ಎಣಿಕೆಯ ನಿಲುಗಡೆಯಲ್ಲಿ ಶಿವನ ಭಂಗಿ ಸಭೆಗೆ ಕಾಣುತ್ತದೆ. ಒಂದನೆಯ ಕ್ರಮದಲ್ಲಿ ಭಂಗಿ ಕೂಡಿಬಂದ ಕೂಡಲೇ ಅದನ್ನು ಮುರಿದು ಅರಮಂಡಿಗೆ ಇಳಿಯಬೇಕಾಗುತ್ತದೆ. ಕಿರಿಯರಿಗೆ ಕಷ್ಟವೆಂಬುದು ನಿಜ, ಆದರೆ ಆ ನಾಲ್ಕನ್ನು ಮೌನವಾಗಿ ಬಿಡದೆ ನಟುವಾಂಗದಲ್ಲಿ ಸಣ್ಣದಾಗಿ ತಕಧಿಮಿ ಎಂದು ಹೇಳುತ್ತ ಅಭ್ಯಾಸ ಮಾಡಿಸಿದರೆ ಕಾಲು ತಾನಾಗಿ ಏಳುತ್ತದೆ.

ಪದಕಾರ, ತುಮಕೂರು

ಗುರುಗಳು ಸದ್ಯಕ್ಕೆ ಒಂದನೆಯ ಕ್ರಮದಲ್ಲಿ ಕಲಿಸಲು ಆರಂಭಿಸಿದ್ದಾರೆ, ದೊಡ್ಡ ಹುಡುಗಿಯರ ತಂಡಕ್ಕೆ ಎರಡನೆಯದನ್ನು ಪ್ರಯತ್ನಿಸುತ್ತಾರಂತೆ.

ಪುರಾಣದ ಓದುಗರು ಭಾಗವತವನ್ನು ನೆನಪಿಸಿದ ಮೇಲೆ ನಾನು ಆ ಅಧ್ಯಾಯವನ್ನು ಮತ್ತೆ ತೆರೆದೆ. ಶಿವನು ಕುಡಿಯುವಾಗ ಕೈಯಿಂದ ಜಾರಿದ ಸ್ವಲ್ಪ ವಿಷವನ್ನು ಚೇಳು, ಹಾವು, ವಿಷದ ಗಿಡಗಳು ತೆಗೆದುಕೊಂಡವು ಎಂದು ಅಲ್ಲಿದೆ. ಎರಡನೆಯ ಪದ್ಯವನ್ನು ಅಲ್ಲಿಂದಲೇ, ರಕಾರದ ಪ್ರಾಸದಲ್ಲಿ ಆರಂಭಿಸಿದ್ದೇನೆ:

ಬೆರಳ ತುದಿಯಿಂ ಜಾರಿದಾ ಹನಿ
ಹರಿವ ಹಾವಿಗೆ ಚೇಳಿಗಾಯಿತು

ನಾಟ್ಯ ಶಿಕ್ಷಕಿ, ಹಾಸನ

ಇದು ಚೆನ್ನಾಗಿದೆ. ಅಂಗೈ ಈಗಾಗಲೇ ಚಾಚಿಕೊಂಡಿರುವುದರಿಂದ ಹನಿ ಜಾರುವುದನ್ನು ತೋರಿಸಲು ಹೊಸ ಕೈಯೇ ಬೇಡ, ಕಣ್ಣು ಬೆರಳ ತುದಿಯಿಂದ ನೆಲಕ್ಕೆ ಇಳಿದರೆ ಸಾಕು. ಮೊದಲ ಪದ್ಯದಲ್ಲಿ ನೋಟವೆಲ್ಲ ಮೇಲಕ್ಕೂ ಅಕ್ಕಪಕ್ಕಕ್ಕೂ ಇತ್ತು, ಇಲ್ಲಿ ಕೆಳಗಿಳಿಯುತ್ತದೆ. ಹಾವು ಮತ್ತು ಚೇಳು ಒಂದೇ ಸಾಲಿನಲ್ಲಿ ಬಂದರೂ ಬೇರೆ ಬೇರೆ ಆವರ್ತಗಳಲ್ಲಿರುವುದರಿಂದ ಹಸ್ತ ಬದಲಿಸಲು ಸಮಯವಿದೆ. ಎರಡನೆಯ ಸಾಲಿನಲ್ಲಿ ವಾಕ್ಯವೂ ಮುಗಿದಿರುವುದರಿಂದ ವಿಸ್ತಾರವನ್ನು ಅಲ್ಲೇ ಇಡಬಹುದು. ಮೂರನೆಯ ಸಾಲಿನ ಗುರುವಿಗೆ ಏನನ್ನು ಇಡುತ್ತೀರಿ ಎಂಬುದನ್ನು ಮಾತ್ರ ಮೊದಲು ನಿರ್ಧರಿಸಿ, ಆಮೇಲೆ ಹಿಂದಕ್ಕೆ ಬನ್ನಿ.

ಛಂದೋಪ್ರಿಯ

"ತುದಿಯಿಂ" ಎಂಬ ಹಳೆಯ ರೂಪ, "ಆಯಿತು" ಎಂಬ ಹೊಸ ರೂಪ ಎರಡೂ ಅಕ್ಕಪಕ್ಕದ ಸಾಲುಗಳಲ್ಲಿ ಇವೆ. ಅದನ್ನೊಮ್ಮೆ ನೋಡಿಕೊಳ್ಳಿ.